ಕಚ್ಚಿಯೇ ಕೆಡಿಸಿಕೊಳ್ಳುವ ಮೌತ್‌ಗಾರ್ಡ್: ಕೂರಿಸುವುದು ಹೇಗೆ, ಮಾಡಿಸುವುದು ಯಾವಾಗ?

ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದ 11 ವರ್ಷದ ಹಾಕಿ ಆಟಗಾರ್ತಿಯ ಹಲ್ಲುಗಳು ಚೆನ್ನಾಗಿಯೇ ಇದ್ದವು. ಚೆನ್ನಾಗಿಲ್ಲದ್ದು ಅವಳ ಅಪ್ಪನ ಜೇಬಿನಲ್ಲಿದ್ದ ಡಬ್ಬಿಯೊಳಗಿನ ಮೌತ್‌ಗಾರ್ಡ್, ಅಂದರೆ ಆಡುವಾಗ ಪೆಟ್ಟಿನಿಂದ ಕಾಯಲು ಹಲ್ಲುಗಳಿಗೆ ತೊಡಿಸುವ ಕವಚ. ಮನೆಯಲ್ಲಿ ಬಿಸಿನೀರಿಗೆ ಹಾಕಿ, ಮೆತ್ತಗಾದ ಮೇಲೆ ಬಾಯಿಗಿಟ್ಟು, ‘ಗಟ್ಟಿಯಾಗಿ ಕಚ್ಚು’ ಎಂದು ಹೇಳಿ ಕೂರಿಸಿದ್ದರು. ಹಲ್ಲಿನ ಗುರುತು ಎಷ್ಟು ಸೊಗಸಾಗಿ ಮೂಡಿದೆ ನೋಡಿ ಎಂದು ತೋರಿಸಿದರು. ಅದನ್ನು ಬೆಳಕಿಗೆ ಹಿಡಿದೆ. ದವಡೆಹಲ್ಲು ಕೂರುವ ಜಾಗ ಹಪ್ಪಳದಂತೆ ತೆಳುವಾಗಿ, ಆಚೆಗಿನ ನನ್ನ ಬೆರಳು ಮಬ್ಬಾಗಿ ಕಾಣುತ್ತಿತ್ತು. ಕ್ಯಾಲಿಪರ್ ಹಿಡಿದು ಅಳೆದರೆ 1 ಮಿಲಿಮೀಟರ್ ಕೂಡ ಇರಲಿಲ್ಲ. ಅದೇ ಬಗೆಯ ಹೊಸದೊಂದು ಅವರ ಬಳಿಯಿತ್ತು. ಅದರಲ್ಲಿ ಅದೇ ಜಾಗ 4 ಮಿಲಿಮೀಟರ್ ದಪ್ಪವಿತ್ತು.

‘ಕುದಿಸಿ ಕಚ್ಚುವ’ ಮೌತ್‌ಗಾರ್ಡ್‌ನ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಹಳೆಯ ದೂರು. ಅದನ್ನು ಕಚ್ಚಬಾರದು, ಒತ್ತಬೇಕು. ಬಹುತೇಕ ಮೌತ್‌ಗಾರ್ಡ್‌ಗಳು ಇವಿಎ ಎಂಬ ಮೆದು ಪ್ಲಾಸ್ಟಿಕ್ಕಿನವು. ಪೆಟ್ಟು ಬಿದ್ದಾಗ ಅದು ತುಸು ಕುಗ್ಗಿ, ಒಂದೇ ಹಲ್ಲಿನ ಮೇಲೆ ಬೀಳಬೇಕಾದ ಬಲವನ್ನು ಅಕ್ಕಪಕ್ಕದ ಹಲ್ಲುಗಳಿಗೂ ಹಂಚುತ್ತದೆ. ಕುಗ್ಗಬೇಕಾದರೆ ದಪ್ಪ ಇರಬೇಕು. ಕೂರಿಸಿ ಮುಗಿದ ಮೇಲೂ ಮುಂದಿನ ಹಲ್ಲುಗಳ ಹೊರಬದಿಯಲ್ಲಿ ಮತ್ತು ಹಲ್ಲು ಹಲ್ಲು ಕೂಡುವ ಜಾಗದಲ್ಲಿ ಸುಮಾರು 3 ಮಿಲಿಮೀಟರ್ ಉಳಿದಿರಬೇಕು. 4 ದಾಟಿದರೆ ಹೆಚ್ಚಿನ ಲಾಭವಿಲ್ಲ; ಮಾತು, ಉಸಿರು ಎರಡೂ ಕಷ್ಟವಾಗುತ್ತವೆ, ಮಕ್ಕಳು ಅದನ್ನು ತೆಗೆದು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳುತ್ತಾರೆ.

ಹಾಗಿದ್ದರೆ ಆ ಹುಡುಗಿಗೆ ಅಳತೆ ಕೊಟ್ಟು ಮಾಡಿಸಿದ್ದೇ ಬೇಕಿತ್ತೇ? ಬೇಕಿರಲಿಲ್ಲ. ಅವಳ ಬಾಯಿಯಲ್ಲಿ ಮೇಲಿನ ಎರಡು ಹಾಲುಹಲ್ಲು ಅಲುಗಾಡುತ್ತಿದ್ದವು, ಕೋರೆಹಲ್ಲು ಇನ್ನೂ ವಸಡಿನೊಳಗೇ ಇತ್ತು. ಸುಮಾರು 6ರಿಂದ 12 ವರ್ಷದವರೆಗೆ ಬಾಯಿಯ ನಕ್ಷೆ ತಿಂಗಳು ತಿಂಗಳಿಗೆ ಬದಲಾಗುತ್ತಿರುತ್ತದೆ. ಕರಾರುವಾಕ್ಕಾಗಿ ಕೂರುವುದೇ ಮಾಡಿಸಿದ ಗಾರ್ಡ್‌ನ ಗುಣ, ಆ ವಯಸ್ಸಿನಲ್ಲಿ ಅದೇ ಅದರ ದೋಷ: ಹೊಸ ಹಲ್ಲೊಂದು ಇಳಿದರೆ ಸಾಕು, ಕೂರುವುದಿಲ್ಲ. ಹಾಗಾಗಿ ಹಲ್ಲು ಬದಲಾಗುವ ವಯಸ್ಸಿನಲ್ಲಿ ಸರಿಯಾಗಿ ಕೂರಿಸಿದ ‘ಕುದಿಸುವ’ ಬಗೆಯೇ ಸಾಕು ಎಂದು ನಾನು ಹೇಳುತ್ತೇನೆ. ‘ಸರಿಯಾಗಿ’ ಎನ್ನುವುದನ್ನು ಮಾತ್ರ ಬಿಡುವಂತಿಲ್ಲ. ಹೊಸದನ್ನು ಅಂದೇ ಅವರೆದುರು ಕೂರಿಸಿದೆ.

ಮೊದಲು ಗಟ್ಟಿಯಿರುವಾಗಲೇ ತಾಲೀಮು

ನೀರು ಕಾಯಿಸುವ ಮೊದಲು ಗಾರ್ಡನ್ನು ಹಾಗೆಯೇ ಬಾಯಿಗಿಟ್ಟು, ಕನ್ನಡಿಯ ಮುಂದೆ ನಿಲ್ಲಿಸಿ. ಅದರ ನಡುಗೆರೆ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಬರಬೇಕು. ಹಿಂದಿನ ತುದಿ ಗಂಟಲಿಗೆ ತಾಗಿ ಓಕರಿಕೆ ಬಂದರೆ ಕತ್ತರಿಯಿಂದ ಎರಡೆರಡು ಮಿಲಿಮೀಟರ್‌ನಷ್ಟೇ ಕತ್ತರಿಸುತ್ತ ಬನ್ನಿ. ಆರನೇ ವರ್ಷದ ಆಸುಪಾಸು ಬರುವ ಮೊದಲ ಶಾಶ್ವತ ದವಡೆಹಲ್ಲು ಪೂರ್ತಿ ಮುಚ್ಚಿರಬೇಕು. ಅದಕ್ಕಿಂತ ಗಿಡ್ಡ ಮಾಡಬೇಡಿ. ಮುಂಭಾಗದಲ್ಲಿ ಮೇಲ್ದುಟಿಯನ್ನು ವಸಡಿಗೆ ಕಟ್ಟಿದ ತೆಳ್ಳನೆಯ ಎಳೆಯೊಂದಿದೆ, ತುಟಿ ಎತ್ತಿದರೆ ಕಾಣುತ್ತದೆ. ಗಾರ್ಡ್‌ನ ಅಂಚು ಅದಕ್ಕೆ ಚುಚ್ಚುತ್ತಿದ್ದರೆ ಅಲ್ಲೊಂದು ಸಣ್ಣ ಕಚ್ಚು ಕತ್ತರಿಸಿಕೊಳ್ಳಿ. ಈ ಕೆಲಸಗಳನ್ನೆಲ್ಲ ಈಗಲೇ ಮುಗಿಸಬೇಕು. ಮೆತ್ತಗಾದ ಮೇಲೆ ಯೋಚಿಸಲು ಪುರುಸೊತ್ತು ಇರುವುದಿಲ್ಲ.

ಇದೇ ತಾಲೀಮಿನಲ್ಲಿ ಮಗುವಿಗೆ ಕಲಿಸಬೇಕಾದ ಮುಖ್ಯ ವಿಷಯ, ಬಾಯಿ ಮುಚ್ಚುವ ರೀತಿ. ಕೆಳಗಿನ ಹಲ್ಲು ಗಾರ್ಡಿಗೆ ಮೆಲ್ಲಗೆ ತಾಗಬೇಕು, ಅಲ್ಲಿಗೆ ನಿಲ್ಲಬೇಕು. ‘ತುಟಿಗಳ ನಡುವೆ ಹಕ್ಕಿಯ ಗರಿ ಇದೆ, ಮುರಿಯಬಾರದು’ ಎಂದು ಆ ಹುಡುಗಿಗೆ ಹೇಳಿದೆ. ನಾಲ್ಕೈದು ಸಲ ಮಾಡಿಸಿದ ಮೇಲೆ ಹಿಡಿತ ಬಂತು.

ಬಿಸಿ, ಒತ್ತು, ಹೀರು

ಎಷ್ಟು ಹೊತ್ತು ಬಿಸಿನೀರಿನಲ್ಲಿಡಬೇಕೆಂಬುದು ಒಂದೊಂದು ಗಾರ್ಡಿಗೆ ಒಂದೊಂದು ಲೆಕ್ಕ. ಕೆಲವಕ್ಕೆ ಕೆಲವೇ ಸೆಕೆಂಡು, ಕೆಲವಕ್ಕೆ ಒಂದು ನಿಮಿಷದ ಮೇಲೆ. ಪೊಟ್ಟಣದ ಮೇಲೆ ಇರುವುದನ್ನೇ ಪಾಲಿಸಿ, ಗಡಿಯಾರ ನೋಡಿ. ಹೆಚ್ಚು ಹೊತ್ತು ಬಿಟ್ಟರೆ ಮೇಣದಂತೆ ಜೋತು ಆಕಾರ ಕೆಡುತ್ತದೆ. ಕಡಿಮೆಯಾದರೆ ಹಲ್ಲಿನ ಸಂದಿಗೆ ಇಳಿಯುವುದಿಲ್ಲ, ಆಗ ಸಿಟ್ಟಿಗೆ ಕಚ್ಚುವುದೇ ಉಳಿಯುವ ದಾರಿ. ಕುದಿನೀರಿನ ಕೆಲಸ ದೊಡ್ಡವರದು. ಜಾಲರಿ ಸೌಟಿನಿಂದ ಎತ್ತಿ, ನೀರು ಒದರಿ, ಪೊಟ್ಟಣ ಹೇಳಿದಷ್ಟು ಹೊತ್ತು ಆರಲು ಬಿಟ್ಟು, ನಿಮ್ಮ ತುಟಿಗೆ ತಾಗಿಸಿ ನೋಡಿ, ಆಮೇಲೆ ಮಗುವಿನ ಬಾಯಿಗಿಡಿ.

ಎರಡು ಹೆಬ್ಬೆರಳುಗಳಿಂದ ಗಾರ್ಡನ್ನು ನೇರವಾಗಿ ಮೇಲಕ್ಕೆ ಒತ್ತಿ, ನಡುಗೆರೆ ಸರಿಮಾಡಿ. ಈಗ ಬಾಯಿ ಮೆಲ್ಲಗೆ ಮುಚ್ಚಿಸಿ. ಮಗು ಗಾಳಿಯನ್ನು ಜೋರಾಗಿ ಒಳಗೆ ಹೀರಲಿ, ಮಾವಿನ ಗೊರಟೆ ಚೀಪಿದಂತೆ. ಜೊತೆಗೆ ನಾಲಿಗೆಯಿಂದ ಒಳಗಿನ ಅಂಚನ್ನು ಅಂಗುಳದ ಕಡೆಗೆ ಒತ್ತಲಿ. ನೀವು ಹೊರಗಿನಿಂದ ತುಟಿ, ಕೆನ್ನೆಗಳ ಮೇಲೆ ಬೆರಳಿಟ್ಟು ಹಲ್ಲುಗಳ ಕಡೆಗೆ ಒತ್ತುತ್ತ ಮುಂದಿನಿಂದ ಹಿಂದಕ್ಕೆ ಸಾಗಿ. ಆಕಾರ ಕೊಡುವುದು ಈ ಹೀರುವಿಕೆ ಮತ್ತು ಬೆರಳು, ದವಡೆಯಲ್ಲ. ಸುಮಾರು ಅರ್ಧ ನಿಮಿಷದ ನಂತರ ತೆಗೆದು ತಣ್ಣೀರಿಗೆ ಹಾಕಿ.

ಕೂತಿದೆಯೇ ಎಂದು ತಿಳಿಯುವುದು

ಗಾರ್ಡ್ ಹಾಕಿಕೊಂಡು ಬಾಯಿ ಅಗಲವಾಗಿ ತೆರೆಯಲಿ. ಹಲ್ಲು ಕಚ್ಚಿ ಹಿಡಿಯದಿದ್ದರೂ ಅದು ಬೀಳದೆ ನಿಲ್ಲಬೇಕು. ಕಚ್ಚಿ ಹಿಡಿದರೆ ಮಾತ್ರ ನಿಲ್ಲುವ ಗಾರ್ಡ್, ಪೆಟ್ಟು ಬಿದ್ದು ಬಾಯಿ ತೆರೆದ ಕ್ಷಣದಲ್ಲೇ ಕೈಕೊಡುತ್ತದೆ. ಒಂದು ಬದಿಯನ್ನು ಬೆರಳಿನಿಂದ ಒತ್ತಿದಾಗ ಇನ್ನೊಂದು ಬದಿ ಏಳಬಾರದು. ತನ್ನ ಹೆಸರು, ಶಾಲೆಯ ಹೆಸರು ಹೇಳಲಿ. ತುಸು ತೊದಲಿದರೆ ಅಡ್ಡಿಯಿಲ್ಲ, ಅರ್ಥವಾದರೆ ಸಾಕು.

ಕೊನೆಯದು ದಪ್ಪ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ವರ್ನಿಯರ್ ಕ್ಯಾಲಿಪರ್ ಸಾಕು; ದವಡೆಹಲ್ಲಿನ ಗುಳಿಯ ತಳದಲ್ಲಿ ಮತ್ತು ಬಾಚಿಹಲ್ಲಿನ ಅಂಚು ಕೂರುವಲ್ಲಿ ಅಳೆಯಿರಿ. ಅದಿಲ್ಲದಿದ್ದರೆ ದೀಪಕ್ಕೆ ಹಿಡಿದು, ಸುತ್ತಲಿಗಿಂತ ಎಲ್ಲಾದರೂ ಬೆಳಕು ಹೆಚ್ಚು ಹಾಯುತ್ತಿದೆಯೇ ನೋಡಿ. ಆ ಹುಡುಗಿಯ ಹೊಸ ಗಾರ್ಡ್ ಹಿಂಬದಿಯಲ್ಲಿ 3, ಮುಂದೆ ಬಾಚಿಹಲ್ಲಿನ ಅಂಚಿನಲ್ಲಿ ಎರಡೂವರೆ ಮಿಲಿಮೀಟರ್ ಉಳಿದಿತ್ತು. ನಾನು ಕೂರಿಸಿದರೂ ಮುಂದಿನ ಅರ್ಧ ಮಿಲಿಮೀಟರ್ ಕೈತಪ್ಪಿತು, ಒಪ್ಪಿಕೊಳ್ಳುತ್ತೇನೆ. ಈ ಬಗೆಯ ಮಿತಿಯೇ ಅದು. ಮತ್ತೆ ಬಿಸಿ ಮಾಡಿ ಸರಿಪಡಿಸಬಹುದಲ್ಲ ಎನ್ನುತ್ತಾರೆ. ಕೂರುವ ರೀತಿಯನ್ನು ಒಂದೆರಡು ಸಲ ಸರಿಪಡಿಸಬಹುದು. ಹಿಂಡಿ ಹೊರಬಿದ್ದ ಪ್ಲಾಸ್ಟಿಕ್ ಮಾತ್ರ ಹಳೆಯ ಜಾಗಕ್ಕೆ ಮರಳುವುದಿಲ್ಲ, ತೆಳುವಾದದ್ದು ತೆಳುವೇ. ಅವರ ಮೊದಲ ಗಾರ್ಡ್ ಕಸದ ಬುಟ್ಟಿಗೆ ಹೋಯಿತು.

ಹಲ್ಲಿಗೆ ತಂತಿ ಹಾಕಿಸಿಕೊಂಡ ಮಕ್ಕಳಿಗೆ ಮೇಲಿನ ವಿಧಾನ ಬೇಡ. ಮೆತ್ತಗಿನ ಪ್ಲಾಸ್ಟಿಕ್ ತಂತಿಯ ಅಡಿಗೆ ನುಗ್ಗಿ ಗಟ್ಟಿಯಾದರೆ, ಗಾರ್ಡ್ ತೆಗೆಯುವಾಗ ಹಲ್ಲಿಗೆ ಅಂಟಿಸಿದ ಬ್ರ್ಯಾಕೆಟ್ಟೂ ಕಿತ್ತು ಬರಬಹುದು. ತಂತಿ ಹಾಕಿದ ವೈದ್ಯರನ್ನೇ ಕೇಳಿ. ತಂತಿಗೆಂದೇ ಮಾಡಿದ, ಒಳಗೆ ಕಾಲುವೆ ಬಿಟ್ಟ ಗಾರ್ಡ್‌ಗಳಿವೆ.

ದೊಡ್ಡವರಿಗೆ ಬೇರೆ ಲೆಕ್ಕ

ಅಪ್ಪ ವಾರಕ್ಕೆ ಮೂರು ದಿನ ಬಾಕ್ಸಿಂಗ್ ಮಾಡುವವರು. ಅವರ ಹಲ್ಲುಗಳು ಇನ್ನು ಅಲುಗಾಡುವುದಿಲ್ಲ (ಅಲುಗಾಡಬಾರದೆಂಬುದೇ ಇಬ್ಬರ ಆಸೆ), ಪೆಟ್ಟು ಮಾತ್ರ ಮಗಳಿಗಿಂತ ಹೆಚ್ಚು. ಅವರಿಗೆ ಮಾಡಿಸಿದ್ದೇ ಬೇಕು ಎಂದೆ. ಹಲ್ಲಿನ ಅಚ್ಚು ತೆಗೆದು ಅಥವಾ ಸ್ಕ್ಯಾನ್ ಮಾಡಿ ಪಡಿಯಚ್ಚು ತಯಾರಿಸಿ, ಬಿಸಿಮಾಡಿದ ಇವಿಎ ಹಾಳೆಯನ್ನು ಅದರ ಮೇಲೆ ಎಳೆದು ಕೂರಿಸುತ್ತಾರೆ. ಬಾಯಿಯಲ್ಲಿ ಯಾರೂ ಗಟ್ಟಿಯಾಗಿ ಕಚ್ಚುವ ಪ್ರಮೇಯವೇ ಇಲ್ಲ.

ಆದರೆ ಹಾಳೆಗೂ ಒಂದು ಕಳ್ಳದಾರಿ ಇದೆ. ಬಿಸಿ ಹಾಳೆ ಅಚ್ಚಿನ ಮೇಲೆ ಹಿಗ್ಗುವಾಗ ಎತ್ತರದ ಜಾಗದಲ್ಲಿ, ಅಂದರೆ ಬಾಚಿಹಲ್ಲಿನ ಅಂಚಿನಲ್ಲಿ, ಹೆಚ್ಚು ತೆಳುವಾಗುತ್ತದೆ. 3 ಮಿಲಿಮೀಟರ್‌ನ ಒಂದೇ ಹಾಳೆ ಅಲ್ಲಿ 2ಕ್ಕಿಂತ ಕೆಳಗಿಳಿಯಬಹುದು. ಮಾಡಿಸಲು ಹೋದಾಗ ‘ಎಷ್ಟು ಮಿಲಿಮೀಟರ್ ಹಾಳೆ’ ಎಂದು ಕೇಳಬೇಡಿ, ‘ಮುಗಿದ ಮೇಲೆ ಮುಂದಿನ ಹಲ್ಲಿನ ಮೇಲೆ ಎಷ್ಟು ಉಳಿಯುತ್ತದೆ’ ಎಂದು ಕೇಳಿ. ಒತ್ತಡದ ಯಂತ್ರದಲ್ಲಿ ಎರಡು ಹಾಳೆಗಳನ್ನು ಒಂದರ ಮೇಲೊಂದು ಬೆಸೆದು ಮಾಡಿದ್ದು ಬಾಕ್ಸಿಂಗ್‌ನಂತಹ ಆಟಕ್ಕೆ ಒಳ್ಳೆಯದು. ಪಡೆಯುವ ದಿನ ಇನ್ನೊಂದನ್ನೂ ಗಮನಿಸಿ: ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲುಗಳು ಎಡ, ಬಲ ಎರಡೂ ಕಡೆ ಒಟ್ಟಿಗೆ ತಾಗಬೇಕು. ಹಿಂದಿನ ಒಂದು ಹಲ್ಲು ಮಾತ್ರ ಮೊದಲು ತಾಗಿದರೆ, ಗಲ್ಲಕ್ಕೆ ಬಿದ್ದ ಗುದ್ದಿನ ಭಾರವೆಲ್ಲ ಅಲ್ಲಿಗೇ ಹೋಗುತ್ತದೆ. ಅದನ್ನು ಸರಿಪಡಿಸಲು ವೈದ್ಯರಿಗೆ ಐದು ನಿಮಿಷದ ಕೆಲಸ, ಸಂಕೋಚವಿಲ್ಲದೆ ಹೇಳಿ.

‘ಇದು ಹಾಕಿದರೆ ತಲೆಗೆ ಪೆಟ್ಟಾಗುವುದಿಲ್ಲವಂತೆ ಹೌದೇ?’ ಎಂದು ಅವರು ಕೇಳಿದರು. ಮೌತ್‌ಗಾರ್ಡ್ ಹಲ್ಲು, ತುಟಿ, ದವಡೆಗಳನ್ನು ಕಾಯುತ್ತದೆ. ಮಿದುಳಿನ ಆಘಾತವನ್ನು ತಡೆಯುತ್ತದೆ ಎಂದು ನಂಬಿ ಆಡುವಂತಿಲ್ಲ, ಎಷ್ಟು ದುಬಾರಿಯದಾದರೂ.

ಎರಡೂ ಬಗೆಗೆ ಶತ್ರು ಬಿಸಿ. ಬಿಸಿನೀರಿನಲ್ಲಿ ತೊಳೆಯಬೇಡಿ, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ತಣ್ಣೀರಿನಲ್ಲಿ ಮೆದು ಬ್ರಷ್‌ನಿಂದ ತಿಕ್ಕಿ, ತೂತುಗಳಿರುವ ಗಟ್ಟಿ ಡಬ್ಬಿಯಲ್ಲಿಡಿ. ಮಗಳ ಗಾರ್ಡನ್ನು ತಿಂಗಳಿಗೊಮ್ಮೆ ಬಾಯಿ ತೆರೆಸಿ ಪರೀಕ್ಷಿಸಲು ಅಪ್ಪನಿಗೆ ಹೇಳಿ ಕಳಿಸಿದೆ. ನಾಲ್ಕನೆಯ ತಿಂಗಳು ಅದು ಬಲಗಡೆ ಕೂರಲೇ ಇಲ್ಲವಂತೆ. ನೋಡಿದರೆ ಕೋರೆಹಲ್ಲಿನ ತುದಿ ವಸಡಿನಿಂದ ಇಣುಕುತ್ತಿತ್ತು.