ಒಂದು ಕಾರ್ಟನ್ ಕಾಳುಮೆಣಸಿಗೆ ಡಾಲರ್ ದರ: ನನ್ನ ಪತ್ರ ಕೊನೆಗೂ ಕೆಲಸ ಮಾಡಿತು

ದುಬೈಗೆ ಕಳಿಸುವ ಕಾಳುಮೆಣಸಿನ ದರಪತ್ರದಲ್ಲಿ ಮಾಲು, ಪ್ಯಾಕಿಂಗ್, ಹಡಗಿನ ಬಾಡಿಗೆ ಬೇರೆ ಬೇರೆ ಬರೆದು, ಪಕ್ಕದಲ್ಲಿ ರೂಪಾಯಿಯನ್ನೂ ತೋರಿಸುತ್ತೇನೆ ಎಂದಾಗ ಶಿರಸಿ ಪೇಟೆಯ ಸ್ನೇಹಿತರು ಯಾರೂ ಒಪ್ಪಲಿಲ್ಲ. "ಲೆಕ್ಕ ಬಿಚ್ಚಿಟ್ಟರೆ ಒಂದೊಂದರಲ್ಲೂ ಚೌಕಾಶಿ ಮಾಡ್ತಾರೆ ಮಾರಾಯ" ಎಂದರು. ಈಗ ಅದೇ ಪತ್ರದ ಮೇಲೆ ಮೂರು ಸಲ ಮಾಲು ಕಳಿಸಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಪತ್ರದಲ್ಲಿ ಕೈ ಸುಟ್ಟುಕೊಂಡಿದ್ದೆ. ಒಟ್ಟು ದರ ಒಂದೇ ಸಾಲಿನಲ್ಲಿ ಬರೆದೆ, ಎಷ್ಟು ದಿನದ ಮಟ್ಟಿಗೆ ಎಂದು ಹೇಳಲಿಲ್ಲ. ದುಬೈನ ಖರೀದಿದಾರರು ಎರಡು ವಾರ ಬಿಟ್ಟು "ಸರಿ, ಕಳಿಸಿ" ಎಂದರು. ಅಷ್ಟರಲ್ಲಿ ಪೇಟೆಯಲ್ಲಿ ಕಿಲೋಗೆ 25 ರೂಪಾಯಿ ಏರಿತ್ತು. ಒಂದು ಟನ್ನಿಗೆ 25 ಸಾವಿರ ನನ್ನ ಜೇಬಿನಿಂದ ಹೋಯಿತು. ಫೋನಿನಲ್ಲಿ ಕಂಡ ಡಾಲರ್ ದರವನ್ನೇ ಹಿಡಿದದ್ದು ಇನ್ನೊಂದು ತಪ್ಪು. ಬ್ಯಾಂಕು ನಮ್ಮ ಡಾಲರ್ ಕೊಳ್ಳುವುದು ಟಿಟಿ ಬೈಯಿಂಗ್ ದರದಲ್ಲಿ, ಅದು ಸುಮಾರು 50 ಪೈಸೆ ಕಡಿಮೆ ಇತ್ತು. ಅಲ್ಲಿ ಮತ್ತೆ ನಾಲ್ಕೂವರೆ ಸಾವಿರದಷ್ಟು ಹೋಯಿತು.

ಆದರೆ ನನಗೆ ನಿಜವಾಗಿ ಪಾಠ ಕಲಿಸಿದ್ದು ಪೆಟ್ಟಿಗೆ. ಆಗ 50×35×35 ಸೆಂ.ಮೀ. ಕಾರ್ಟನ್‌ನಲ್ಲಿ 20 ಕಿಲೋ ತುಂಬುತ್ತಿದ್ದೆ. ಮೇಲೆ ಜಾಗ ಖಾಲಿ ಉಳಿಯುತ್ತಿತ್ತು. ಒಂದರ ಮೇಲೊಂದು ಪೇರಿಸಿದಾಗ ಕೆಳಗಿನವು ಕುಸಿದವು. ಪೂರ್ತಿ ಕಂಟೇನರ್ ತುಂಬದ ಮಾಲಿಗೆ ಬಾಡಿಗೆ ಟನ್ ಅಥವಾ ಘನಮೀಟರ್, ಯಾವುದು ಜಾಸ್ತಿಯೋ ಅದರ ಮೇಲೆ ಅಲ್ವಾ? 50 ಪೆಟ್ಟಿಗೆ ಸೇರಿ ಮೂರು ಘನಮೀಟರ್ ದಾಟಿತು. ತೂಕ ಒಂದು ಟನ್ ಚಿಲ್ಲರೆ, ಹಣ ಕಟ್ಟಿದ್ದು ಮೂರಕ್ಕೆ.

ಆಮೇಲೆ ಹೊರ ಅಳತೆ 45×30×30ರ ಐದು ಪದರದ ಪೆಟ್ಟಿಗೆ ಮಾಡಿಸಿದೆ. ಒಳಗೆ 37 ಲೀಟರ್ ಹಿಡಿಯುತ್ತದೆ. ಲೀಟರ್ ತೂಕ 550 ಗ್ರಾಂ ಇರುವ ಮೆಣಸಾದರೆ 20 ಕಿಲೋಗೆ 36 ಲೀಟರ್ ಚಿಲ್ಲರೆ ಜಾಗ ಬೇಕು, ಸರಿಯಾಗಿ ಕೂರುತ್ತದೆ. 530ಕ್ಕೆ ಇಳಿದರೆ ಸುಮಾರು 38 ಲೀಟರ್ ಬೇಕು, ಪೆಟ್ಟಿಗೆಯ ಹೊಟ್ಟೆ ಉಬ್ಬುತ್ತದೆ. ಬಂದರಿನ ಗೋದಾಮಿನಲ್ಲಿ ಅಳತೆ ಟೇಪ್ ಹಿಡಿಯುವುದು ಆ ಉಬ್ಬಿಗೇ. ಹಾಗಾಗಿ ಈಗ ಪೆಟ್ಟಿಗೆ ಉಬ್ಬಿತು ಅಂದರೆ ಜಳ್ಳು ಕಾಳು ಉಳಿದಿದೆ ಎಂದು ಗೊತ್ತಾಗುತ್ತದೆ, ಮತ್ತೆ ಗಾಳಿಗೆ ಹಿಡಿಸುತ್ತೇನೆ. 50 ಪೆಟ್ಟಿಗೆಗೆ ಎರಡು ಘನಮೀಟರ್ ಸಾಕಾಯಿತು. ಪೆಟ್ಟಿಗೆ ಎಲ್ಲಿ ಮಾಡಿಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

2024ರ ಮೇ ತಿಂಗಳ ಲೆಕ್ಕ ನೆನಪಿನ ಮೇಲೆ ಹೇಳುತ್ತೇನೆ. ಮೆಣಸು ಕಿಲೋಗೆ ಸುಮಾರು 600. ಕಸ, ಜಳ್ಳು ಕಳೆದು 630 ಬಿತ್ತು. ಸ್ವಚ್ಛಗೊಳಿಸಿದ ಕೂಲಿಯೂ ಸೇರಿ ಒಂದು ಕಾರ್ಟನ್‌ಗೆ 12,840. ಲಾರಿ, ಕ್ಲಿಯರಿಂಗ್, ಕಾಗದಪತ್ರ ಸೇರಿ 35 ಸಾವಿರ, ಅಂದರೆ ಕಾರ್ಟನ್‌ಗೆ 700. ಪರೀಕ್ಷೆ, ಬ್ಯಾಂಕು 200. ನನ್ನ ಲಾಭ 800. ಒಟ್ಟು 14,540. ಪ್ಯಾಕಿಂಗ್‌ಗೆ, ಅಂದರೆ ಪೆಟ್ಟಿಗೆ, ಒಳಗಿನ ಎರಡು ಪ್ಲಾಸ್ಟಿಕ್ ಚೀಲ, ಪಟ್ಟಿ, ಲೇಬಲ್‌ಗೆ 140. ಡಾಲರ್ 82.90ರಂತೆ ಪತ್ರದಲ್ಲಿ ಹೀಗೆ ಬರೆದೆ:

"ಶಿರಸಿ ಕಾಳುಮೆಣಸು, ಲೀಟರ್ ತೂಕ 550 ಗ್ರಾಂ, ತೇವಾಂಶ ಹೆಚ್ಚೆಂದರೆ ಶೇ. 12, ನಿವ್ವಳ 20 ಕಿಲೋ. ಕಾರ್ಟನ್ ಒಂದಕ್ಕೆ ಮಾಲು 175.40 ಡಾಲರ್, ಪ್ಯಾಕಿಂಗ್ 1.70, ಜೆಬೆಲ್ ಅಲಿವರೆಗೆ ಹಡಗಿನ ಬಾಡಿಗೆ 1.60. ಒಟ್ಟು 178.70 ಡಾಲರ್, ಸಿಎಫ್ಆರ್. ಇಂದಿನ ಲೆಕ್ಕದಲ್ಲಿ 14,814 ರೂಪಾಯಿ, ಮಾಹಿತಿಗೆ ಮಾತ್ರ. ಪಾವತಿ ಡಾಲರ್‌ನಲ್ಲೇ. ವಿಮೆ ನಿಮ್ಮದು. ದರ ಏಳು ದಿನಕ್ಕೆ, ಕನಿಷ್ಠ 50 ಕಾರ್ಟನ್."

ಸಿಎಫ್ಆರ್ ಅಂದರೆ ದುಬೈನ ಬಂದರು ಜೆಬೆಲ್ ಅಲಿವರೆಗಿನ ಬಾಡಿಗೆ ದರದಲ್ಲೇ ಸೇರಿದೆ ಎಂದು. ಖರೀದಿದಾರರ ಮೂಲ ಭಟ್ಕಳ. ಅವರು ಕೊಚ್ಚಿ ದರವನ್ನು ರೂಪಾಯಿಯಲ್ಲೇ ನೋಡುವವರು. ಕಿಲೋಗೆ 740 ಎಂದು ಕಂಡ ಕೂಡಲೇ ಫೋನ್ ಮಾಡಿದರು. ಬಾಡಿಗೆ ಇಷ್ಟು ಕಡಿಮೆ ಹೇಗೆ ಎಂದು ಕೇಳಿದರು. ಪೆಟ್ಟಿಗೆಯ ಅಳತೆ ಹೇಳಿದೆ. ಜೆಬೆಲ್ ಅಲಿಯಲ್ಲಿ ಇಳಿಸುವ ಖರ್ಚನ್ನೂ ಅವರು ಘನಮೀಟರ್ ಲೆಕ್ಕದಲ್ಲೇ ಕಟ್ಟುತ್ತಾರೆ. ಮೂರಕ್ಕೆ ಕಟ್ಟುವುದು ಎರಡಕ್ಕೆ ಇಳಿದರೆ ಅವರಿಗೂ ಉಳಿತಾಯ. ಚೌಕಾಶಿ ಆಗಿದ್ದು ಮಾಲಿನ ಸಾಲಿನಲ್ಲಿ ಮಾತ್ರ. ಅಲ್ಲಿ 40 ಸೆಂಟ್ ಬಿಟ್ಟೆ. ಎಷ್ಟು ಬಿಡಬಹುದೆಂದು ಮೊದಲೇ ಇಟ್ಟುಕೊಂಡಿದ್ದೆ, ಆ ಅಂಕಿ ನನ್ನ ಹತ್ತಿರವೇ ಇರಲಿ.

ನಡುವೆ ಇದೇ ಪೆಟ್ಟಿಗೆಯಲ್ಲಿ ಮುರುಗಲು ಸಿಪ್ಪೆ ತುಂಬಿ ನೋಡಿದೆ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆ, ಕುಮಟಾದ ಕಡೆಯಿಂದ ತರಿಸಿದ್ದು. ಚೀಲದ ಬಾಯಿ ಸರಿಯಾಗಿ ಕಟ್ಟಿರಲಿಲ್ಲ. ಉಪ್ಪು ಮಳೆಗಾಲದ ಗಾಳಿಯ ನೀರೆಳೆದು, ಹತ್ತು ದಿನಕ್ಕೆ ಪೆಟ್ಟಿಗೆಯ ತಳ ಮೆತ್ತಗಾಯಿತು. ಅದಕ್ಕೆ ಪ್ಲಾಸ್ಟಿಕ್ ಡಬ್ಬಿಯೇ ಬೇಕು. ಹಾಗೆ ಮಾಡಿದರೆ ಪ್ಯಾಕಿಂಗ್ ಸಾಲು ಬಹಳ ಏರುತ್ತದೆ. ಸದ್ಯಕ್ಕೆ ಅದನ್ನು ಬಿಟ್ಟಿದ್ದೇನೆ.

ಈಗ ಆರ್ಡರ್ ಖಾತ್ರಿಯಾದ ದಿನವೇ ಎರಡು ಕೆಲಸ ಮುಗಿಸುತ್ತೇನೆ. ಪೇಟೆಗೆ ಹೋಗಿ ಮೆಣಸು ಕೊಳ್ಳುತ್ತೇನೆ, ಬ್ಯಾಂಕಿಗೆ ಹೋಗಿ ಮುಂದೆ ಬರುವ ಡಾಲರಿಗೆ ಅಂದೇ ದರ ಗೊತ್ತುಮಾಡಿ, ಫಾರ್ವರ್ಡ್ ದರಕ್ಕೆ ಕಟ್ಟಿಡುತ್ತೇನೆ. ಕಳೆದ ಸಲ ಹಣ ಬಂದಾಗ ಪತ್ರದಲ್ಲಿ ಬರೆದ ರೂಪಾಯಿಗೂ ಖಾತೆಗೆ ಬಿದ್ದದ್ದಕ್ಕೂ ಕಾರ್ಟನ್‌ಗೆ ಹತ್ತು ರೂಪಾಯಿಯ ವ್ಯತ್ಯಾಸವೂ ಇರಲಿಲ್ಲ.