ಟಿಎಲ್‌ಡಿ ಬ್ಯಾಡ್ಜ್‌ಗೆ ವಿಕಿರಣ ತಗುಲಿದ್ದು ಯಾವಾಗ? ಗ್ಲೋ ಕರ್ವ್‌ನಿಂದ ಕಂಡುಕೊಂಡ ಬಗೆ

ವಿಕಿರಣದ ಬಳಿ ಕೆಲಸ ಮಾಡುವವರು ಎದೆಯ ಮೇಲೆ ಧರಿಸುವ ಟಿಎಲ್‌ಡಿ, ಅಂದರೆ ಥರ್ಮೋಲ್ಯೂಮಿನೆಸೆಂಟ್ ಡೋಸಿಮೀಟರ್, ಬ್ಯಾಡ್ಜ್‌ಗಳನ್ನು ಓದಿ ಅವರಿಗೆ ತಗುಲಿದ ವಿಕಿರಣದ ಪ್ರಮಾಣವಾದ ಡೋಸ್ ಲೆಕ್ಕ ಹಾಕುವುದು ನನ್ನ ಕೆಲಸ. ವರದಿಯಲ್ಲಿ ಹೋಗುವುದು ಒಂದೇ ಒಂದು ಅಂಕಿ. ಆದರೆ ಆ ಅಂಕಿಯ ಹಿಂದಿರುವ ಗ್ಲೋ ಕರ್ವ್, ಅಂದರೆ ಹರಳನ್ನು ಬಿಸಿಮಾಡುತ್ತ ಹೋದಂತೆ ಹೊರಬರುವ ಬೆಳಕಿನ ಏರಿಳಿತದ ರೇಖೆ, ಎಷ್ಟು ಡೋಸ್ ಎಂಬುದರ ಜೊತೆಗೆ ಅದು ಸರಿಸುಮಾರು ಯಾವಾಗ ತಗುಲಿತು ಎಂಬುದನ್ನೂ ಕೆಲವೊಮ್ಮೆ ಹೇಳುತ್ತದೆ. ಹಾಗೆ ಹೇಳಿದ ಒಂದು ಪ್ರಸಂಗವನ್ನು ಇಲ್ಲಿ ವಿವರಿಸುತ್ತೇನೆ.

ನಾವು ಬಳಸುವ ಹರಳು ಲಿಥಿಯಂ ಫ್ಲೋರೈಡ್. ಅದರೊಳಗೆ ಅತ್ಯಲ್ಪ ಪ್ರಮಾಣದಲ್ಲಿ ಮೆಗ್ನೀಸಿಯಂ ಮತ್ತು ಟೈಟಾನಿಯಂ ಸೇರಿಸಿರುತ್ತಾರೆ. ವಿಕಿರಣ ಬಿದ್ದಾಗ ಹರಳಿನಲ್ಲಿ ಎಲೆಕ್ಟ್ರಾನುಗಳು ತಮ್ಮ ಸ್ಥಾನದಿಂದ ಬಿಡುಗಡೆಯಾಗುತ್ತವೆ. ಬಹುಪಾಲು ಎಲೆಕ್ಟ್ರಾನುಗಳು ತಕ್ಷಣ ಹಿಂತಿರುಗಿದರೂ ಒಂದು ಭಾಗ ಮೆಗ್ನೀಸಿಯಂ ಉಂಟುಮಾಡಿದ ಟ್ರ್ಯಾಪ್‌ಗಳಲ್ಲಿ ಸಿಕ್ಕಿಬಿದ್ದು ಅಲ್ಲೇ ಉಳಿಯುತ್ತದೆ. ಸಿಕ್ಕಿಬಿದ್ದ ಎಲೆಕ್ಟ್ರಾನುಗಳ ಸಂಖ್ಯೆ ಬಿದ್ದ ಡೋಸಿಗೆ ಅನುಪಾತದಲ್ಲಿರುತ್ತದೆ; ಸುಮಾರು 1 ಗ್ರೇ ದಾಟಿದ ಮೇಲೆ ಈ ಅನುಪಾತ ಕೆಡತೊಡಗುತ್ತದೆಯಾದರೂ ಬ್ಯಾಡ್ಜ್‌ಗಳಲ್ಲಿ ನಾವು ಸಾಮಾನ್ಯವಾಗಿ ನೋಡುವುದು ಅದರ ಸಾವಿರದಲ್ಲೊಂದು ಪಾಲಿನಷ್ಟನ್ನು ಮಾತ್ರ. ಹರಳನ್ನು ಬಿಸಿಮಾಡಿದಾಗ ಎಲೆಕ್ಟ್ರಾನು ಟ್ರ್ಯಾಪ್‌ನಿಂದ ಹೊರಬಂದು, ಟೈಟಾನಿಯಂ ಇರುವ ಕೇಂದ್ರದಲ್ಲಿ ಮತ್ತೆ ಜೋಡಿಯಾಗಿ, ನೀಲಿ ಬೆಳಕನ್ನು ಹೊಮ್ಮಿಸುತ್ತದೆ. ಆ ಬೆಳಕನ್ನು ರೀಡರ್‌ನಲ್ಲಿರುವ ಫೋಟೋಮಲ್ಟಿಪ್ಲೈಯರ್ ಅಳೆಯುತ್ತದೆ.

ಎಲ್ಲ ಟ್ರ್ಯಾಪ್‌ಗಳೂ ಒಂದೇ ಆಳದವಲ್ಲ ಎಂಬುದೇ ಈ ಪ್ರಸಂಗದ ತಿರುಳು. ಒಂದು ಎಲೆಕ್ಟ್ರಾನು ಒಂದು ಸೆಕೆಂಡಿನಲ್ಲಿ ಹೊರಬರುವ ಸಂಭವನೀಯತೆಯನ್ನು p = s·exp(−E/kT) ಎಂಬ ಸೂತ್ರ ಕೊಡುತ್ತದೆ. ಇಲ್ಲಿ E ಟ್ರ್ಯಾಪ್‌ನ ಆಳ, ಅಂದರೆ ಅದರಿಂದ ಹೊರಬರಲು ಎಲೆಕ್ಟ್ರಾನಿಗೆ ಬೇಕಾದ ಶಕ್ತಿ; T ಕೆಲ್ವಿನ್‌ನಲ್ಲಿ ಉಷ್ಣತೆ, k ಬೋಲ್ಟ್ಸ್‌ಮನ್ ಸ್ಥಿರಾಂಕ, s ಆಯಾ ಟ್ರ್ಯಾಪ್‌ಗೆ ಸಂಬಂಧಿಸಿದ ಒಂದು ಸ್ಥಿರಾಂಕ. ಉಷ್ಣತೆಯು ಘಾತಾಂಕದೊಳಗೆ ಇರುವುದರಿಂದ, ಕೋಣೆಯ ಉಷ್ಣತೆಯಲ್ಲಿ ದಶಕಗಳ ಕಾಲ ಕದಲದ ಎಲೆಕ್ಟ್ರಾನು ಇನ್ನೂರು ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಕೆಲವೇ ಸೆಕೆಂಡುಗಳಲ್ಲಿ ಹೊರಬರುತ್ತದೆ. ಆಳ ಕಡಿಮೆಯಿರುವ ಟ್ರ್ಯಾಪ್ ಕಡಿಮೆ ಉಷ್ಣತೆಯಲ್ಲೇ ಬರಿದಾಗಿ ಗ್ಲೋ ಕರ್ವ್‌ನ ಎಡಭಾಗದಲ್ಲಿ ಒಂದು ಶಿಖರವಾಗಿ ಕಾಣುತ್ತದೆ. ಅದೇ ಟ್ರ್ಯಾಪ್ ಕೋಣೆಯ ಉಷ್ಣತೆಯಲ್ಲೂ ನಿಧಾನವಾಗಿ ಸೋರುತ್ತಿರುತ್ತದೆ. ಈ ಹರಳಿನ ಮೊದಲ ಶಿಖರದ ಅರ್ಧಾಯು ಸುಮಾರು ಹತ್ತು ನಿಮಿಷ, ಎರಡನೆಯದರದು ಸುಮಾರು ಒಂದು ದಿನ, ಮೂರನೆಯದರದು ತಿಂಗಳುಗಳು. ಸುಮಾರು 210 ಡಿಗ್ರಿಯ ಆಸುಪಾಸಿನಲ್ಲಿ ಕಾಣುವ ಐದನೆಯ ಶಿಖರದ್ದು ಹಲವು ದಶಕಗಳು. ಡೋಸ್ ಲೆಕ್ಕಕ್ಕೆ ನಾವು ನೆಚ್ಚಿಕೊಳ್ಳುವುದು ಈ ಐದನೆಯದನ್ನೇ.

ಆದ್ದರಿಂದ ನಿತ್ಯದ ಓದಿಕೆಯಲ್ಲಿ ಬ್ಯಾಡ್ಜನ್ನು ಮೊದಲು 100 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು, ಅಸ್ಥಿರವಾದ ಎಡಬದಿಯ ಶಿಖರಗಳನ್ನು ಅಳಿಸುತ್ತೇವೆ. ಅನಂತರ ಸಾರಜನಕದ ಹರಿವಿನಲ್ಲಿ ಒಂದೇ ವೇಗದಲ್ಲಿ ಬಿಸಿಮಾಡಿ ಬೆಳಕನ್ನು ಎಣಿಸುತ್ತೇವೆ. ಸಾರಜನಕ ಇಲ್ಲದಿದ್ದರೆ ಹರಳಿನ ಮೇಲ್ಮೈಯಲ್ಲಿ ಆಮ್ಲಜನಕದಿಂದ ಹುಟ್ಟುವ ಬೆಳಕೂ ಲೆಕ್ಕಕ್ಕೆ ಸೇರಿ, ಡೋಸ್ ಇಲ್ಲದಿದ್ದರೂ ಡೋಸ್ ಇದ್ದಂತೆ ತೋರುತ್ತದೆ. ಒಮ್ಮೆ ಬಿಸಿಮಾಡಿದ ಮೇಲೆ ಟ್ರ್ಯಾಪ್‌ಗಳು ಬರಿದಾಗುವುದರಿಂದ ಎರಡನೆಯ ಬಾರಿ ಓದಿ ಖಚಿತಪಡಿಸಿಕೊಳ್ಳುವ ಅವಕಾಶವಿಲ್ಲ. ಉಳಿಯುವ ಸಾಕ್ಷ್ಯವೆಂದರೆ ರೀಡರ್ ದಾಖಲಿಸಿಕೊಂಡ ಆ ರೇಖೆ ಮಾತ್ರ. ಈ ಕಾರಣಕ್ಕಾಗಿಯೇ ನಾನು ಕಂಟ್ರೋಲ್ ಬ್ಯಾಡ್ಜ್‌ಗಳ ಹಲವು ಹರಳುಗಳಲ್ಲಿ ಒಂದನ್ನು ಮುಂಚಿತವಾಗಿ ಬಿಸಿಮಾಡದೆ, ಎಡಬದಿಯ ಶಿಖರಗಳ ಸಮೇತ ಓದುವ ಪದ್ಧತಿ ಇಟ್ಟುಕೊಂಡಿದ್ದೇನೆ.

ಕಂಟ್ರೋಲ್ ಬ್ಯಾಡ್ಜ್ ಎಂದರೆ ಯಾರೂ ಧರಿಸದೆ ವಿಕಿರಣದಿಂದ ದೂರ ಇಡುವ ಬ್ಯಾಡ್ಜ್. ನೈಸರ್ಗಿಕ ವಿಕಿರಣ ಗಂಟೆಗೆ ಸುಮಾರು 0.1 ಮೈಕ್ರೋಸೀವರ್ಟ್ ಇರುವ ಕಡೆ ಮೂರು ತಿಂಗಳಲ್ಲಿ ಅದರ ಮೇಲೆ 0.2 ಮಿಲಿಸೀವರ್ಟ್‌ಗಿಂತ ತುಸು ಹೆಚ್ಚು ಸಂಗ್ರಹವಾಗುತ್ತದೆ. ಧರಿಸಿದವರ ಅಂಕಿಯಿಂದ ಇದನ್ನು ಕಳೆಯುತ್ತೇವೆ. ಒಂದು ಎಕ್ಸ್‌-ರೇ ಘಟಕದಿಂದ ಬಂದ ಕಂಟ್ರೋಲ್ ಬ್ಯಾಡ್ಜ್ 0.9 ಮಿಲಿಸೀವರ್ಟ್ ತೋರಿಸಿತು. ಧರಿಸಿದವರ ಬ್ಯಾಡ್ಜ್‌ಗಳಲ್ಲಿ ಹೆಚ್ಚಿನವು 0.3ರ ಒಳಗಿದ್ದವು, ಒಬ್ಬರದು ಮಾತ್ರ 1.1 ಇತ್ತು. ಹಾಗೆಯೇ ಕಳೆದುಬಿಟ್ಟಿದ್ದರೆ ಆ ಒಬ್ಬರ ಡೋಸ್ 0.2 ಎಂದು ದಾಖಲಾಗುತ್ತಿತ್ತು, ಉಳಿದವರದು ಸೊನ್ನೆಗಿಂತ ಕೆಳಗಿಳಿಯುತ್ತಿತ್ತು. ಕಂಟ್ರೋಲ್ ತಪ್ಪಾದರೆ ನಷ್ಟವಾಗುವುದು ನಿಜವಾಗಿ ಡೋಸ್ ಪಡೆದ ವ್ಯಕ್ತಿಗೆ. ಹೀಗಾಗಿ ಇದನ್ನು ಬಗೆಹರಿಸದೆ ವರದಿ ಕಳುಹಿಸಲು ನನಗೆ ಮನಸ್ಸಾಗಲಿಲ್ಲ.

ಮೊದಲು ನೋಡಿದ್ದು ಈ ಬೆಳಕು ನಿಜವಾದ ಡೋಸಿನದೇ ಎಂಬುದನ್ನು. ಬೆರಳಿನ ಜಿಡ್ಡು ಅಥವಾ ಕೊಳೆ ಅಂಟಿದ್ದರೆ ರೇಖೆ ಶಿಖರವಿಲ್ಲದೆ ಬಲತುದಿಯಲ್ಲಿ ಏರುತ್ತ ಹೋಗುತ್ತದೆ. ಇಲ್ಲಿ ಹಾಗಿರಲಿಲ್ಲ, ಐದನೆಯ ಶಿಖರ ತನ್ನ ಜಾಗದಲ್ಲಿ, ತನ್ನ ಆಕಾರದಲ್ಲಿ ಸ್ಪಷ್ಟವಾಗಿತ್ತು. ಅನಂತರ, ಮುಂಚಿತವಾಗಿ ಬಿಸಿಮಾಡದ ಹರಳಿನ ರೇಖೆಯನ್ನು ತೆರೆದೆ. ಎಡಬದಿಯಲ್ಲಿ ಎರಡನೆಯ ಶಿಖರ ಎದ್ದು ನಿಂತಿತ್ತು. ಡೋಸ್ ಮೂರು ತಿಂಗಳಲ್ಲಿ ಹನಿಹನಿಯಾಗಿ ಸೇರಿದ್ದರೆ ಈ ಶಿಖರದಲ್ಲಿ ಕೊನೆಯ ಒಂದೆರಡು ದಿನಗಳ ಪಾಲಷ್ಟೇ ಉಳಿದಿರಬೇಕಿತ್ತು. ಅರ್ಧಾಯು ಒಂದು ದಿನವಾದರೆ, ಒಂದು ವಾರದ ಹಿಂದೆ ತಗುಲಿದ್ದರಲ್ಲಿ ಉಳಿಯುವುದು 128ರಲ್ಲಿ ಒಂದು ಭಾಗ.

ಈ ಶಿಖರದ ಎತ್ತರ ಹರಳನ್ನು ಹಿಂದೆ ಹೇಗೆ ಕಾಯಿಸಿ ತಣಿಸಲಾಗಿತ್ತು ಎಂಬುದನ್ನೂ ಅವಲಂಬಿಸಿರುವುದರಿಂದ, ಪುಸ್ತಕದ ಅಂಕಿಯನ್ನು ನೇರವಾಗಿ ಬಳಸಲಾಗದು. ಅದೇ ಬ್ಯಾಚಿನ, ಅದೇ ರೀತಿ ಕಾಯಿಸಿದ ಹರಳುಗಳಿಗೆ ಸೀಸಿಯಂ-137 ಮೂಲದಿಂದ 1 ಮಿಲಿಗ್ರೇ ಕೊಟ್ಟು, ಒಂದು, ಎರಡು, ಮೂರು ಮತ್ತು ಏಳು ದಿನ ಕತ್ತಲಲ್ಲಿ ಇಟ್ಟು, ಮುಂಚಿತವಾಗಿ ಬಿಸಿಮಾಡದೆಯೇ ಓದಿದೆ. ಪ್ರತಿಯೊಂದರಲ್ಲೂ ಎರಡನೆಯ ಶಿಖರಕ್ಕೂ ಐದನೆಯದಕ್ಕೂ ಇರುವ ಅನುಪಾತವನ್ನು ಬರೆದುಕೊಂಡೆ. ಕಂಟ್ರೋಲಿನ ರೇಖೆಯಿಂದ ಮೂರು ತಿಂಗಳ ನೈಸರ್ಗಿಕ ಪಾಲನ್ನು ಕಳೆದ ಮೇಲೆ ಅದರ ಅನುಪಾತ ಒಂದು ದಿನ ಮತ್ತು ಎರಡು ದಿನ ಇಟ್ಟ ಹರಳುಗಳ ನಡುವೆ ಬಂದಿತು. ಆ ಕಳೆಯುವಿಕೆ ಮುಖ್ಯ. ಹಳೆಯ ಡೋಸ್ ಐದನೆಯ ಶಿಖರವನ್ನಷ್ಟೇ ಎತ್ತರಿಸುವುದರಿಂದ ಅದನ್ನು ಬಿಟ್ಟರೆ ದಿನಾಂಕ ಹಿಂದಕ್ಕೆ ಸರಿಯುತ್ತದೆ. ಜೊತೆಗೆ, ಬ್ಯಾಡ್ಜ್‌ನ ಹರಳುಗಳ ಮುಂದೆ ಬೇರೆಬೇರೆ ಫಿಲ್ಟರ್‌ಗಳಿದ್ದು, ತಾಮ್ರದ ಫಿಲ್ಟರ್ ಹಿಂದಿನ ಹರಳು ಪ್ಲಾಸ್ಟಿಕ್ ಹಿಂದಿನದಕ್ಕಿಂತ ಬಹಳ ಕಡಿಮೆ ತೋರಿಸಿತ್ತು. ಎಂದರೆ ತಗುಲಿದ್ದು ತಾಮ್ರದಲ್ಲೇ ತಡೆಯಾಗುವ ಕಡಿಮೆ ಶಕ್ತಿಯ ಎಕ್ಸ್‌-ಕಿರಣ.

ಘಟಕದವರನ್ನು ವಿಚಾರಿಸಿದಾಗ ವಿಷಯ ಹೊಂದಿಕೊಂಡಿತು. ಧರಿಸಿದವರ ಬ್ಯಾಡ್ಜ್‌ಗಳು ಒಂದು ವಾರ ಮೊದಲೇ ಬಂದಿದ್ದವು. ಮರೆತುಹೋಗಿದ್ದ ಕಂಟ್ರೋಲ್ ಪ್ರತ್ಯೇಕವಾಗಿ ಬಂದಿತ್ತು. ಕಳುಹಿಸುವ ಮುನ್ನ ಅದನ್ನು ಎಕ್ಸ್‌-ರೇ ಕೋಣೆಯ ಒಳಗಿನ ಕಪಾಟಿನ ಮೇಲೆ ಇಟ್ಟಿದ್ದರು. ಆ ಕಂಟ್ರೋಲನ್ನು ಕೈಬಿಟ್ಟು, ಅದೇ ಸ್ಥಳದ ಹಿಂದಿನ ಅವಧಿಗಳ ನೈಸರ್ಗಿಕ ಮೌಲ್ಯವಾದ 0.25 ಅನ್ನು ಕಳೆದೆ. ಆ ಒಬ್ಬ ಕೆಲಸಗಾರರ ಡೋಸ್ 0.85 ಮಿಲಿಸೀವರ್ಟ್ ಎಂದು ದಾಖಲಾಯಿತು. ಕಾರಣವನ್ನೂ ರೇಖೆಗಳನ್ನೂ ಕಡತದಲ್ಲಿ ಸೇರಿಸಿದೆ.

ಈ ವಿಧಾನ ಗಂಟೆ ಲೆಕ್ಕದಲ್ಲಿ ಸಮಯ ಹೇಳುವುದಿಲ್ಲ. ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಬ್ಯಾಡ್ಜ್ ಇದ್ದಿದ್ದರೆ ಎರಡನೆಯ ಶಿಖರ ಬೇಗ ಕರಗಿ ಘಟನೆ ಹಳೆಯದೆಂದು ತೋರುತ್ತದೆ. ವಾರ ಕಳೆದ ಮೇಲೆ ಆ ಶಿಖರದಿಂದ ಏನೂ ತಿಳಿಯದು. ಮೂರನೆಯ ಶಿಖರದಿಂದ ತಿಂಗಳುಗಳ ಅಂದಾಜು ಮಾಡಬಹುದಾದರೂ, ಅದು ನಾಲ್ಕನೆಯದರೊಂದಿಗೆ ಬೆರೆತಿರುವುದರಿಂದ ಇಷ್ಟು ಸಣ್ಣ ಡೋಸ್‌ಗಳಲ್ಲಿ ನಾನು ಅದರ ಮೇಲೆ ತೀರ್ಮಾನ ಕೈಗೊಳ್ಳುವುದಿಲ್ಲ.