ಎಷ್ಟು ಲಾಟ್ ಹಾಕಬೇಕು? ನಾನು ಕೆಲ್ಲಿ ಲೆಕ್ಕ ಬಳಸುವ ಬಗೆ

ನಾನು ವಾರವಾರ ಮಾಡುವ ಟ್ರೇಡ್ ಒಂದೇ: ನಿಫ್ಟಿಯಲ್ಲಿ 200 ಪಾಯಿಂಟ್ ಅಗಲದ ಪುಟ್ ಸ್ಪ್ರೆಡ್ ಮಾರುವುದು. ಪ್ರೀಮಿಯಂ ಸುಮಾರು 60 ಪಾಯಿಂಟ್ ಸಿಗುತ್ತದೆ. ಎಕ್ಸ್‌ಪೈರಿ ದಿನ ನಿಫ್ಟಿ ಮೇಲಿನ ಸ್ಟ್ರೈಕ್‌ಗಿಂತ ಮೇಲಿದ್ದರೆ 60 ಲಾಭ. ಕೆಳಗಿನ ಸ್ಟ್ರೈಕನ್ನೂ ದಾಟಿ ಬಿದ್ದರೆ 140 ನಷ್ಟ, ಅದಕ್ಕಿಂತ ಜಾಸ್ತಿ ಹೋಗುವುದಿಲ್ಲ. ಈ ಮಿತಿ ಇರುವುದರಿಂದಲೇ ಕೆಲ್ಲಿ ಲೆಕ್ಕ, ಅಂದರೆ ಬಂಡವಾಳ ದೀರ್ಘಕಾಲದಲ್ಲಿ ಅತಿ ವೇಗವಾಗಿ ಬೆಳೆಯಲು ಪ್ರತಿ ಟ್ರೇಡ್‌ಗೆ ಎಷ್ಟು ಪಾಲು ಒಡ್ಡಬೇಕು ಎಂಬ ಲೆಕ್ಕ, ಹಾಕಲು ಬರುತ್ತದೆ.

ಸೂತ್ರ ಇಷ್ಟೇ:

```
f = p - (1 - p) / b
```

p ಅಂದರೆ ಗೆಲ್ಲುವ ಸಾಧ್ಯತೆ, b ಅಂದರೆ ಲಾಭವನ್ನು ನಷ್ಟದಿಂದ ಭಾಗಿಸಿದ್ದು. f ಎಂದರೆ ಬಂಡವಾಳದಲ್ಲಿ ಒಂದು ಟ್ರೇಡ್‌ಗೆ ಒಡ್ಡಬಹುದಾದ ಪಾಲು. ನಡುವೆ ಎಲ್ಲೋ ಮುಗಿಯುವ ವಾರಗಳೂ ಇರುತ್ತವೆ, ಆದರೆ ಅಳತೆಗೆ ಈ ಎರಡು ತುದಿ ಸಾಕು. 75% ಗೆಲುವು ಎಂದುಕೊಂಡರೆ f 16.7% ಬರುತ್ತದೆ. ಬ್ರೋಕರೇಜ್, ತೆರಿಗೆ, ಸ್ಲಿಪ್ಪೇಜ್ ಸೇರಿ 4 ಪಾಯಿಂಟ್ ಕಳೆಯಿರಿ. ಲಾಭ 56, ನಷ್ಟ 144 ಆಗುತ್ತದೆ. ಈಗ f ಬರೀ 10.7%! ಗೆಲುವು 72%ಗೆ ಇಳಿದರೆ f ಸೊನ್ನೆ.

ನನಗೆ ಮುಖ್ಯ ಎನಿಸಿದ್ದು ಇದೇ. ನೂರು ಟ್ರೇಡ್‌ಗಳಲ್ಲಿ 75 ಗೆದ್ದರೂ ನಿಜವಾದ ಸಾಧ್ಯತೆ 4% ಆಚೀಚೆ ಇರುವುದು ತೀರಾ ಸಹಜ. ಅಂದರೆ 71% ಕೂಡ ಇರಬಹುದು, ಅಲ್ವಾ? ಆಗ ಎಷ್ಟೇ ಸಣ್ಣದಾಗಿ ಹಾಕಿದರೂ ನಿಧಾನವಾಗಿ ದುಡ್ಡು ಕರಗುತ್ತದೆ.

p ಸರಿಯಾಗಿಯೇ ಇದೆ ಎಂದುಕೊಳ್ಳಿ. ಆಗಲೂ ಪೂರ್ತಿ ಕೆಲ್ಲಿ ಹಾಕುತ್ತಾ ಹೋದರೆ ಬಂಡವಾಳ ಎಂದಾದರೂ ಒಮ್ಮೆ ಅರ್ಧಕ್ಕೆ ಇಳಿಯುವ ಸಾಧ್ಯತೆ ಸುಮಾರು 50%. ಅರ್ಧ ಕೆಲ್ಲಿಯಲ್ಲಿ ಅದು ಸುಮಾರು 12.5% ಮಾತ್ರ, ಬೆಳವಣಿಗೆಯಲ್ಲಿ ಬಿಡುವುದು ಕಾಲು ಭಾಗ ಅಷ್ಟೆ. ಅರ್ಧಕ್ಕೆ ಇಳಿದ ಖಾತೆಯನ್ನು ನಾನು ಮುಳುಗಿದ್ದೆಂದೇ ಲೆಕ್ಕ ಹಾಕುತ್ತೇನೆ, ಯಾಕಂದರೆ ಮತ್ತೆ ಮೇಲೆ ಬರಲು 100% ಗಳಿಸಬೇಕು. ಹಾಗಾಗಿ ನನ್ನ ಅಳತೆ ಅರ್ಧ ಕೆಲ್ಲಿ, 5.36%. ನಿಜವಾದ ಗೆಲುವು 73.5% ಇದ್ದರೂ ಇದು ಪೂರ್ತಿ ಕೆಲ್ಲಿಯನ್ನು ದಾಟುವುದಿಲ್ಲ.

5 ಲಕ್ಷ ಬಂಡವಾಳಕ್ಕೆ ಅದು ಸುಮಾರು 26,800 ರೂಪಾಯಿ. ಲಾಟ್ ಗಾತ್ರ 75 ಆದರೆ ಒಂದು ಲಾಟ್‌ನ ಗರಿಷ್ಠ ನಷ್ಟ 10,800. ಅಂದರೆ ಎರಡು ಲಾಟ್, ಅಷ್ಟೇ. ಮಾರ್ಜಿನ್ ಇನ್ನೂ ಎಷ್ಟೋ ಲಾಟ್‌ಗೆ ಸಾಲುತ್ತದೆ ಎಂದು ಆ್ಯಪ್ ತೋರಿಸುತ್ತದೆ. ಆ ಸಂಖ್ಯೆಗೂ ಈ ಲೆಕ್ಕಕ್ಕೂ ಸಂಬಂಧವೇ ಇಲ್ಲ.

ಬ್ಯಾಂಕ್ ನಿಫ್ಟಿಯಲ್ಲೂ ಪುಟ್ ಸ್ಪ್ರೆಡ್ ಇದ್ದರೆ ಅದನ್ನು ಬೇರೆ ಟ್ರೇಡ್ ಎಂದು ನಾನು ಎಣಿಸುವುದಿಲ್ಲ. 2024ರ ಜೂನ್ 4ರಂದು, ಚುನಾವಣಾ ಫಲಿತಾಂಶದ ದಿನ, ನಿಫ್ಟಿ ಸುಮಾರು 5.9% ಬಿತ್ತು. ಬ್ಯಾಂಕ್ ನಿಫ್ಟಿ ಅದಕ್ಕಿಂತ ಜಾಸ್ತಿ. ಅಂಥ ದಿನ ಎರಡೂ ಒಟ್ಟಿಗೇ ಗರಿಷ್ಠ ನಷ್ಟಕ್ಕೆ ಹೋಗುತ್ತವೆ. ಆದ್ದರಿಂದ ಎರಡರ ಗರಿಷ್ಠ ನಷ್ಟವನ್ನು ಕೂಡಿಸಿ ಆ 5.36%ರೊಳಗೇ ಇಡುತ್ತೇನೆ.

ಪ್ರತಿ ಎಕ್ಸ್‌ಪೈರಿ ಆದ ಮೇಲೆ ಲೆಕ್ಕವನ್ನು ಹೊಸದಾಗಿ ಮಾಡುತ್ತೇನೆ. ಬಂಡವಾಳ ಸುಮಾರು 4 ಲಕ್ಷಕ್ಕಿಂತ ಕೆಳಗಿಳಿದರೆ ಒಂದೇ ಲಾಟ್. 2 ಲಕ್ಷಕ್ಕಿಂತ ಕೆಳಗೆ ಈ ಅಳತೆಯಲ್ಲಿ ಒಂದು ಲಾಟೂ ಹಿಡಿಯುವುದಿಲ್ಲ, ಅಲ್ಲಿಗೆ ಟ್ರೇಡ್ ನಿಲ್ಲುತ್ತದೆ.